ಒಂದೇ ಲಿಸ್ಟಿಂಗ್‌ನಲ್ಲಿ ಸೈಜು, ಬಣ್ಣ: ಸ್ಟಾಕ್ ಹೀಗೆ ಇಡಿ

ದಾವಣಗೆರೆ ಗುಂಪಿನ ಎಲ್ಲರಿಗೂ ನಮಸ್ಕಾರ. ದೀಪಾವಳಿ ಮಾಲು ಆನ್‌ಲೈನ್‌ಗೆ ಏರಿಸುವ ಮುಂಚೆ ಇದನ್ನೊಮ್ಮೆ ಓದಿ.

ಒಂದು ಕುರ್ತಿ ಮೂರು ಬಣ್ಣ, ನಾಲ್ಕು ಸೈಜಿನಲ್ಲಿದ್ದರೆ ಲಿಸ್ಟಿಂಗ್ ಒಂದೇ ಸಾಕು. ಆದರೆ ಬಣ್ಣ-ಸೈಜಿನ ಪ್ರತಿ ಜೋಡಿಗೂ ಒಂದರಂತೆ ಸ್ಟಾಕ್ ಲೆಕ್ಕ 12 ಇರಬೇಕು. ಬಣ್ಣಕ್ಕೊಂದು, ಸೈಜಿಗೊಂದು ಅಂತ ಬೇರೆ ಬೇರೆ ಬರೆದಿಟ್ಟರೆ ಮರೂನ್‌ನಲ್ಲಿ L ಎಷ್ಟು ಉಳಿದಿದೆ ಅಂತ ಗೊತ್ತೇ ಆಗುವುದಿಲ್ಲ. ಇಲ್ಲದ ಮಾಲಿಗೆ ಆರ್ಡರ್ ಬರುವುದು ಹೀಗೇ ಅಲ್ವಾ?

ಪ್ರತಿ ಜೋಡಿಗೂ ಒಂದು SKU ಕೋಡ್ ಕೊಡಿ. ಉದಾಹರಣೆಗೆ KT07-MRN-L, KT07-MRN-XL. ಅದೇ ಕೋಡನ್ನು ಕವರ್ ಮೇಲೂ ಅಂಟಿಸಿ. ಪ್ಯಾಕ್ ಮಾಡುವವರು ಬಣ್ಣ ನೋಡಿ ಎತ್ತಬಾರದು, ಕೋಡ್ ನೋಡಿಯೇ ಎತ್ತಬೇಕು. ಟ್ಯೂಬ್‌ಲೈಟ್ ಬೆಳಕಲ್ಲಿ ಮರೂನ್, ವೈನ್ ಒಂದೇ ಥರ ಕಾಣುತ್ತವೆ.

ಎಣಿಸುವಾಗ ಒಟ್ಟು ಸರಿ ಬಂತು ಅಂತ ಸುಮ್ನೆ ಬಿಡಬೇಡಿ. ಲೆಕ್ಕಕ್ಕಿಂತ ಮರೂನ್ L ಒಂದು ಜಾಸ್ತಿ, ಮರೂನ್ XL ಒಂದು ಕಡಿಮೆ ಇದೆ ಅಂದುಕೊಳ್ಳಿ. ಬಹುಶಃ L ಕೇಳಿದವರಿಗೆ XL ಹೋಗಿದೆ. ಎಣಿಸಿದಾಗ ಸಿಕ್ಕಷ್ಟಕ್ಕೇ ಎರಡೂ ಲೆಕ್ಕ ತಿದ್ದಿ. ಆಮೇಲೆ ಆ ಪಾರ್ಸೆಲ್ ವಾಪಸ್ ಬಂದರೆ ಆರ್ಡರ್‌ನಲ್ಲಿ L ಇದೆ ಅಂತ L ಲೆಕ್ಕಕ್ಕೆ ಸೇರಿಸಬೇಡಿ. ಕವರ್ ಬಿಚ್ಚಿ, ಕಾಲರ್ ಲೇಬಲ್ ನೋಡಿ, XL ಗೆ ಸೇರಿಸಿ. ನನ್ನ ಪ್ರಕಾರ ಜಾಸ್ತಿ ಗೊಂದಲ ಆಗುವುದು ಇಲ್ಲೇ.

ಖರೀದಿ ಮಾಡುವವರಿಗೆ ಮುಖ್ಯವಾದದ್ದು ಫೋಟೊ. ಬಣ್ಣ ಒತ್ತಿದ ಕೂಡಲೇ ಅದೇ ಬಣ್ಣದ ಫೋಟೊ ಬರಬೇಕು.

ಒಂದು ಜೋಡಿ ಮುಗಿದರೆ ಅಳಿಸಬೇಡಿ, 0 ಹಾಕಿ. ಹಳೇ ಕೋಡಿಗೆ ಹೊಸ ಬಣ್ಣ ಹಾಕಲೇಬೇಡಿ. ಹಾಕಿದರೆ ತಡವಾಗಿ ಬರುವ ರಿಟರ್ನ್ ತಪ್ಪು ಲೆಕ್ಕಕ್ಕೆ ಸೇರುತ್ತದೆ.