ನದಿ ಅಳೆಯುವ ಕೆಲಸದಿಂದ ನಿವೃತ್ತನಾಗುತ್ತಿದ್ದೇನೆ

ಈ ತಿಂಗಳ ಕೊನೆಯ ದಿನ ನಾನು ಸರ್ಕಾರಿ ಸೇವೆಯಿಂದ ವಯೋನಿವೃತ್ತಿ ಹೊಂದುತ್ತಿದ್ದೇನೆ. ಮೂವತ್ತನಾಲ್ಕು ವರ್ಷಗಳ ಕಾಲ ಒಂದೇ ನದಿಯ ದಡದಲ್ಲಿ ನೀರಿನ ಮಟ್ಟವನ್ನು ಓದಿ, ಹರಿವನ್ನು ಅಳೆದು, ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಹೊರಡುವ ಮುನ್ನ ಕೆಲವರಿಗೆ ಕೃತಜ್ಞತೆ ಹೇಳಬೇಕಾಗಿದೆ.

ಮೊದಲನೆಯವರು, ಸೇವೆಗೆ ಸೇರಿದ ಎರಡನೇ ವರ್ಷದಲ್ಲಿ ನನ್ನ ತಪ್ಪನ್ನು ಹಿಡಿದ ಹಿರಿಯ ಅಧಿಕಾರಿ. ಪ್ರವಾಹ ಇಳಿದ ಮೇಲೆ, ನೀರಿನ ಮಟ್ಟ ಓದುವ ಗೇಜ್ ಕಂಬ ಏಳು ಸೆಂಟಿಮೀಟರ್ ಕುಸಿದಿತ್ತು. ಎತ್ತರ ಗೊತ್ತಿರುವ ಸ್ಥಿರ ಗುರುತಾದ ಬೆಂಚ್ ಮಾರ್ಕಿನಿಂದ ಲೆವೆಲಿಂಗ್ ಮಾಡಿ ಕಂಬದ ಶೂನ್ಯವನ್ನು ಪರೀಕ್ಷಿಸಬೇಕಾಗಿದ್ದ ನಾನು ಅದನ್ನು ಮರೆತು, ನಾಲ್ಕು ತಿಂಗಳ ಓದನ್ನೆಲ್ಲ ಏಳು ಸೆಂಟಿಮೀಟರ್ ಹೆಚ್ಚಾಗಿಯೇ ಬರೆದಿದ್ದೆ. ಅವರು ಗದರಲಿಲ್ಲ. ಪ್ರತಿಯೊಂದು ಅಂಕಿಯ ಮೇಲೂ ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಸಿ, ದಿನಾಂಕ ಹಾಕಿಸಿದರು. ಆಮೇಲೆ ಯಾವ ಮಳೆಗಾಲ ಮುಗಿದರೂ ಲೆವೆಲ್ ಉಪಕರಣ ಹೊತ್ತು ಕಂಬದ ಬಳಿಗೆ ಹೋಗದೆ ನನಗೆ ಸಮಾಧಾನವಾಗುತ್ತಿರಲಿಲ್ಲ. ಕಚೇರಿಯ ಲೆಕ್ಕಪತ್ರ ವಿಭಾಗದವರಿಗೆ, ಮೇಲಿನ ದಂಡೆಯ ಕೇಂದ್ರದ ಗೆಳೆಯರಿಗೆ, ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತಿದ ನಿಯಂತ್ರಣ ಕೊಠಡಿಯ ಸಿಬ್ಬಂದಿಗೆ, ಹಾಗೂ ನನ್ನ ಮಳೆಗಾಲಗಳಲ್ಲಿ ಮನೆಯನ್ನು ಒಬ್ಬಳೇ ನಡೆಸಿದ ನನ್ನ ಹೆಂಡತಿಗೆ ನಾನು ಋಣಿ.

ಆದರೆ ಈ ಬರಹ ಮುಖ್ಯವಾಗಿ ದೋಣಿ ನಡೆಸುತ್ತಿದ್ದ ಅಣ್ಣನ ಕುರಿತದ್ದು. ಹೆಸರು ಬರೆಯಬೇಡಿ ಎಂದು ಅವರೇ ಕೈಮುಗಿದಿದ್ದಾರೆ, ಆದ್ದರಿಂದ ಅಣ್ಣ ಎಂದೇ ಕರೆಯುತ್ತೇನೆ. ಸಾಮಾನ್ಯ ದಿನಗಳಲ್ಲಿ ನಾವಿಬ್ಬರೂ ಹಗ್ಗಕ್ಕೆ ಸಿಕ್ಕಿಸಿದ ದೋಣಿಯಲ್ಲಿ ನದಿಯನ್ನು ಅಡ್ಡಲಾಗಿ ದಾಟುತ್ತ, ಗುರುತು ಮಾಡಿದ ಪ್ರತಿ ಜಾಗದಲ್ಲೂ ನಿಂತು, ಆಳ ನೋಡಿ, ನೀರಿನ ವೇಗ ಅಳೆಯುವ ಕರೆಂಟ್ ಮೀಟರನ್ನು ನೀರಿಗೆ ಇಳಿಸುತ್ತಿದ್ದೆವು. ಆಳ ಕಡಿಮೆಯಿದ್ದರೆ ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಭಾಗದಷ್ಟು ಕೆಳಗೆ ಒಂದು ಅಳತೆ, ಹೆಚ್ಚಿದ್ದರೆ ಹತ್ತರಲ್ಲಿ ಎರಡು ಭಾಗ ಮತ್ತು ಎಂಟು ಭಾಗ ಕೆಳಗೆ ಎರಡು ಅಳತೆಗಳ ಸರಾಸರಿ. ದೋಣಿ ಒಂದಿಷ್ಟು ಓಲಾಡಿದರೂ ಅಳತೆ ಕೆಡುತ್ತದೆ. ಅಣ್ಣ ಹುಟ್ಟು ಹಿಡಿದರೆ ದೋಣಿ ನೆಲಕ್ಕೆ ನೆಟ್ಟಂತೆ ನಿಲ್ಲುತ್ತಿತ್ತು.

ನನ್ನ ಸೇವೆಯ ಅತಿ ಕೆಟ್ಟ ರಾತ್ರಿಯಲ್ಲಿ ದೋಣಿ ಇಳಿಸುವ ಮಾತೇ ಇರಲಿಲ್ಲ. ಸಂಜೆಯಿಂದ ನೀರು ಏರುತ್ತಲೇ ಇತ್ತು. ನದಿಯ ಮಟ್ಟ ಅಳೆಯಲೆಂದು ದಡದಲ್ಲಿ ಕಟ್ಟಿದ ಬಾವಿಯೊಳಗಿನ ಸ್ವಯಂಚಾಲಿತ ಉಪಕರಣ ಮಾತ್ರ ಒಂಬತ್ತು ಗಂಟೆಯಿಂದ 6.42 ಮೀಟರ್ ಎಂದೇ ತೋರಿಸುತ್ತಿತ್ತು. ಕೇಂದ್ರ ಕಚೇರಿಯಿಂದ ಫೋನ್ ಮಾಡಿದವರು ನೀರು ನಿಂತಿದೆಯಲ್ಲ ಎಂದು ಸಮಾಧಾನಪಟ್ಟರು. ಆಗ ಅಣ್ಣ ನನ್ನ ಹೆಗಲ ಮೇಲಿಂದ ಪರದೆಯನ್ನು ನೋಡಿ, "ಇಷ್ಟು ನೀರು ಬರ್ತಿರುವಾಗ ಗೆರೆ ಇಷ್ಟು ನೆಟ್ಟಗಿರುತ್ತಾ ಸಾರ್? ಹೊಳೆ ಉಸಿರಾಡ್ತಾ ಇರ್ಬೇಕಲ್ವಾ?" ಎಂದರು. ಅವರ ಮಾತು ನಿಜವಾಗಿತ್ತು. ಪ್ರವಾಹದಲ್ಲಿ ಮಟ್ಟ ಸದಾ ಒಂದೆರಡು ಸೆಂಟಿಮೀಟರ್ ಆಚೀಚೆ ಆಡುತ್ತಿರುತ್ತದೆ. ಕದಲದ ಗೆರೆ ಕಂಡರೆ ಉಪಕರಣದ ಮೇಲೆಯೇ ಸಂಶಯ ಪಡಬೇಕು. ಬಾವಿಗೆ ನದಿಯ ನೀರು ಬರುವ ಕೊಳವೆಗೆ ಹೂಳು ಕಟ್ಟಿಕೊಂಡು, ಹೊರಗೆ ಏರಿದ ನೀರು ಒಳಗೆ ತಲುಪಿರಲಿಲ್ಲ.

ನಾವಿಬ್ಬರೂ ಟಾರ್ಚ್ ಹಿಡಿದು ದಡದ ಕಂಬಗಳಿಗೆ ಇಳಿದೆವು. ಕಾಲು ಗಂಟೆಗೊಮ್ಮೆ ಓದಿದೆವು. ಒಂದೂವರೆಯ ಹೊತ್ತಿಗೆ ಎಂಟು ಮೀಟರಿನ ಕೊನೆಯ ಫಲಕವೂ ಮುಳುಗಿತು. ಅಲ್ಲಿಂದಾಚೆಗೆ ಓದಲು ಏನೂ ಇರಲಿಲ್ಲ. ಅಣ್ಣ ಮೆಟ್ಟಿಲಿನ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತು, ನಾನು ಸಮಯ ಕೂಗಿದಾಗಲೆಲ್ಲ ನೀರಿನ ಅಂಚಿಗೆ ಒಂದೊಂದು ಮೊಳೆ ಹೊಡೆದರು. ಪ್ರವಾಹ ಇಳಿದ ಮೇಲೆ ಆ ಮೊಳೆಗಳ ಎತ್ತರವನ್ನು ಬೆಂಚ್ ಮಾರ್ಕಿನಿಂದ ಲೆಕ್ಕ ಹಾಕಿದಾಗ ಅತಿ ಮೇಲಿನದು 8.63 ಮೀಟರಿಗೆ ಬಂತು.

ಹರಿವಿನ ಲೆಕ್ಕವೂ ಬೇಕಾಗಿತ್ತು. ನಮ್ಮ ರೇಟಿಂಗ್ ಕರ್ವಿಗೆ, ಅಂದರೆ ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂದು ಹೇಳುವ ಗೆರೆಗೆ, 7.1 ಮೀಟರಿನವರೆಗೆ ಮಾತ್ರ ನಿಜವಾದ ಅಳತೆಯ ಆಧಾರವಿತ್ತು. ಅದರಿಂದಾಚೆಗೆ ನಾವೇ ಎಳೆದ ಊಹೆ. ಆ ಊಹೆಯ ಪ್ರಕಾರ ಸೆಕೆಂಡಿಗೆ ಸುಮಾರು 2,900 ಘನ ಮೀಟರ್ ಹರಿಯುತ್ತಿರಬೇಕಿತ್ತು. ಅಣ್ಣ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸಣ್ಣ ಟಾರ್ಚುಗಳನ್ನು ಹೊತ್ತಿಸಿಟ್ಟು, ಕಿರಿಯ ಸಹಾಯಕನಿಂದ ಮೇಲಿನ ಸೇತುವೆಯ ಮೇಲಿಂದ ಎಸೆಯಿಸಿದರು. ಐವತ್ತು ಮೀಟರ್ ಅಂತರದ ಎರಡು ಗುರುತುಗಳ ನಡುವೆ, ಹೊಳೆಯ ನಡುಭಾಗದಲ್ಲಿ, ಬೆಳಕು ದಾಟಲು 16 ಸೆಕೆಂಡು ಹಿಡಿಯಿತು. ಎಂದರೆ ಮೇಲ್ಮೈ ವೇಗ ಸೆಕೆಂಡಿಗೆ 3.1 ಮೀಟರ್. ಮೇಲ್ಮೈಗಿಂತ ಒಳಗಿನ ನೀರು ನಿಧಾನವಾದುದರಿಂದ 0.85ರಿಂದ ಗುಣಿಸಿದರೆ ಸುಮಾರು 2.65. ದಡದ ಬಳಿಯ ಪಟ್ಟಿಗಳಿಗೂ ಬೇರೆ ಬೇರೆಯಾಗಿ ಹೀಗೆಯೇ ಮಾಡಿ, ಆಯಾ ಪಟ್ಟಿಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿ ಕೂಡಿಸಿದಾಗ ಬಂದದ್ದು ಸುಮಾರು 2,400.

ಐದುನೂರರ ವ್ಯತ್ಯಾಸ ಸಣ್ಣದಲ್ಲ. ಎರಡನ್ನೂ, ಹೇಗೆ ಬಂದವೆಂಬ ಟಿಪ್ಪಣಿಯೊಡನೆ, ಕಳುಹಿಸಿದೆವು. ಕೆಳಗಡೆ ಸೇರುವ ಉಪನದಿಯೂ ಅದೇ ರಾತ್ರಿ ಉಕ್ಕಿ, ನಮ್ಮ ನೀರನ್ನು ಹಿಂದಕ್ಕೆ ಒತ್ತಿ ಹಿಡಿದಿತ್ತೆಂಬುದು ಮರುದಿನ ತಿಳಿಯಿತು. ಹಿನ್ನೀರಿನ ಒತ್ತಡವಿದ್ದಾಗ ಮಟ್ಟ ಏರುತ್ತದೆ, ಆದರೆ ಹರಿವು ಆ ಪ್ರಮಾಣದಲ್ಲಿ ಏರುವುದಿಲ್ಲ, ಆದ್ದರಿಂದ ಕರ್ವ್ ಹೆಚ್ಚಾಗಿ ಹೇಳುತ್ತದೆ. ಡಬ್ಬಿಗಳ ಲೆಕ್ಕವೂ ಪೂರ್ತಿ ಖಚಿತವಲ್ಲ. ಅಡ್ಡಕೊಯ್ತದ ಅಳತೆ ಮಳೆಗಾಲಕ್ಕೆ ಮುಂಚಿನದಾಗಿತ್ತು, ಪ್ರವಾಹವೋ ತಳವನ್ನು ಕೊರೆದು ಹಾಕಿತ್ತು.

ಮೂರೂವರೆಗೆ ನನಗೆ ಕಾಲು ಸೋತು, ಮೆಟ್ಟಿಲಿನ ಮೇಲೆ ಕುಳಿತು ಅತ್ತುಬಿಟ್ಟೆ. ಕೆಳಗಿನ ಹಳ್ಳಿಗಳಿಗೆ ಸುದ್ದಿ ತಡವಾಗಿ ಹೋಯಿತೇನೋ ಎಂಬ ಭಯ ನನ್ನನ್ನು ಹಿಡಿದಿತ್ತು. ಒಂಬತ್ತರಿಂದ ಹನ್ನೊಂದರವರೆಗೆ ನಾನೂ ಆ ನೆಟ್ಟಗಿನ ಗೆರೆಯನ್ನೇ ನಂಬಿದ್ದೆ. ಅಣ್ಣ ಸಮಾಧಾನದ ಮಾತು ಆಡಲಿಲ್ಲ. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, "ಮುಂದಿನ ಮೊಳೆ ನೀವೇ ಹೊಡೀರಿ, ಹೊತ್ತು ನಾನು ನೋಡ್ತೀನಿ" ಎಂದರು. ಗಡಿಯಾರ ನೋಡಲು ಅವರಿಗೆ ಬರುತ್ತಿತ್ತು, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಬೆಳಗಿನವರೆಗೆ ಅವರು ಹೇಳಿದರು, ನಾನು ಬರೆದೆ.

ಆ ರಾತ್ರಿಯ ಹಾಳೆಯನ್ನು ಮೊನ್ನೆ ಮತ್ತೆ ತೆಗೆದು ನೋಡಿದೆ. ವೀಕ್ಷಕರ ಸಹಿ ಎಂಬ ಕಲಂನಲ್ಲಿ ನನ್ನ ಸಹಿಯೊಂದೇ ಇದೆ. ಅಣ್ಣನಂತಹ ದಿನಗೂಲಿ ಸಹಾಯಕನಿಗೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ, ಆಗ ನನಗೂ ಅದು ಹೊಳೆದಿರಲಿಲ್ಲ. ಪ್ರಶಂಸಾ ಪತ್ರ ನನ್ನ ಹೆಸರಿಗೆ ಬಂತು. ಅಣ್ಣ ಮೂರು ವರ್ಷದ ಹಿಂದೆ ಪಿಂಚಣಿಯಿಲ್ಲದೆ ಕೆಲಸ ಬಿಟ್ಟರು. ಬೀಳ್ಕೊಡುಗೆಯೂ ನಡೆಯಲಿಲ್ಲ.

ಇನ್ನು ಮುಂದಿನ ಮಾತು. ಮೂವತ್ತು ವರ್ಷಗಳ ಕ್ಷೇತ್ರ ಪುಸ್ತಕಗಳನ್ನು ಪ್ರತಿ ಪುಟವೂ ಕಾಣುವಂತೆ ಸ್ಕ್ಯಾನ್ ಮಾಡಲು ಇಲಾಖೆ ಅನುಮತಿ ಕೊಟ್ಟಿದೆ. ವಾರಕ್ಕೆ ಮೂರು ದಿನ ಬಂದು ಆ ಕೆಲಸ ಮಾಡುತ್ತೇನೆ, ಅಂಚಿನ ಟಿಪ್ಪಣಿಗಳನ್ನು ಅಂಕಿಗಳ ಜೊತೆಗೇ ಉಳಿಸುತ್ತೇನೆ. ಗೋಡೆಯ ಮೇಲಿನ ಆ ಮೊಳೆಗಳಲ್ಲಿ ನಾಲ್ಕು ಮಾತ್ರ ಉಳಿದಿವೆ. ಮಳೆ ಬರುವುದರೊಳಗೆ ಅವುಗಳ ಎತ್ತರವನ್ನು ಕಲ್ಲಿನ ಮೇಲೆ ಕೊರೆಸಬೇಕಾಗಿದೆ. ಅಣ್ಣನನ್ನು ಕರೆದಿದ್ದೇನೆ, ಯಾವ ಮೊಳೆ ಯಾವ ಹೊತ್ತಿನದೆಂದು ಅವರಿಗೇ ಗೊತ್ತು. ಭಾನುವಾರ ಬರುತ್ತೇನೆಂದಿದ್ದಾರೆ.