ಬೈಲಿ ಸೇತುವೆ ಬೇಕು ಅನ್ನುವವರಿಗೆ

ಸಂಪಾದಕರಿಗೆ,

ನಮಸ್ಕಾರ. ಹಳ್ಳದ ಸೇತುವೆ ಕುಸಿದಿದೆ, ಮೆಕ್ಕೆಜೋಳದ ಲೋಡು ಊರು ಸುತ್ತಿ ಬಳಸಿ ಹೋಗಬೇಕಾಗಿದೆ, ವಯನಾಡಿನಲ್ಲಿ ಹಾಕಿದ ಹಾಗೆ ನಮಗೂ ಸೈನ್ಯದವರು ಒಂದು ರಾತ್ರಿಯಲ್ಲಿ ಸೇತುವೆ ಹಾಕಿಕೊಡಲಿ ಎಂದು ನಮ್ಮ ಕಡೆಯ ರೈತರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನಾನು ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಸ್ಯಾಪರ್, ಅಂದರೆ ಸೇತುವೆ, ರಸ್ತೆ ಕಟ್ಟುವ ಸಿಪಾಯಿ ಆಗಿ ಸೇರಿ, ಹವಾಲ್ದಾರ್ ಆಗಿ ನಿವೃತ್ತನಾದವನು. ಉಕ್ಕಿನ ಬಿಡಿಭಾಗ ಜೋಡಿಸಿ ನಿಲ್ಲಿಸುವ ಇಂಥ ಬೈಲಿ ಸೇತುವೆಗಳನ್ನು ಕೈಯಾರೆ ಕಟ್ಟಿದ್ದೇನೆ, ಬಿಚ್ಚಿದ್ದೇನೆ. ಅದು ಏನು ಮಾಡಬಲ್ಲದು, ಏನು ಮಾಡಲಾರದು ಅನ್ನುವುದನ್ನು ಹೇಳಲೇಬೇಕು ಅನ್ನಿಸಿತು.

ಭೂಕುಸಿತವಾಗಿದ್ದ ವಯನಾಡಿನ ಚೂರಲ್‌ಮಲದಲ್ಲಿ 2024ರ ಜುಲೈ 31ರ ರಾತ್ರಿ ಕೆಲಸ ಹಿಡಿದು, ಮರುದಿನ ಸಂಜೆ ವಾಹನ ದಾಟಿಸಿದವರು ನಮ್ಮ ಗ್ರೂಪ್‌ನವರೇ. 190 ಅಡಿ ಉದ್ದ, 24 ಟನ್ ದರ್ಜೆ. ಅದು ಬೈಲಿ ಸೇತುವೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಡೊನಾಲ್ಡ್ ಬೈಲಿ ಎಂಬ ಇಂಗ್ಲೆಂಡಿನ ಎಂಜಿನಿಯರ್ ಇದನ್ನು ರೂಪಿಸಿದರು. ಹಿಂದೆ ಸರಿಯುವ ಶತ್ರು ಮೊದಲು ಸೇತುವೆ ಉಡಾಯಿಸುತ್ತಾನೆ. ಆಮೇಲೆ ಹೊಳೆಯ ಆಚೆ ದಡದಲ್ಲಿ ಕೂತು ಕಾಯುತ್ತಾನೆ. ಇತ್ತ ಟ್ಯಾಂಕು, ತೋಪು ಎಲ್ಲ ನಿಂತುಬಿಡುತ್ತವೆ. ಈಚೆ ದಡಕ್ಕೆ ಕ್ರೇನ್ ತರುವ ಹಾಗಿಲ್ಲ, ದೀಪ ಹಚ್ಚುವ ಹಾಗಿಲ್ಲ, ಸದ್ದು ಮಾಡುವ ಹಾಗಿಲ್ಲ. ಅದಕ್ಕೇ ಇದರ ಎಲ್ಲಾ ಭಾಗಗಳನ್ನೂ ಲಾರಿಯಲ್ಲಿ ಹೇರುವಂತೆ, ಆಳುಗಳು ಹೊರುವಂತೆ ಮಾಡಿದ್ದಾರೆ.

ಮುಖ್ಯ ಭಾಗಕ್ಕೆ ಪ್ಯಾನೆಲ್ ಅಂತೀವಿ. ಹತ್ತು ಅಡಿ ಉದ್ದ, ಐದು ಅಡಿಗಿಂತ ಒಂದಿಂಚು ಹೆಚ್ಚು ಎತ್ತರದ ಉಕ್ಕಿನ ಚೌಕಟ್ಟು. ತೂಕ ಸುಮಾರು 260 ಕಿಲೋ. ಆರು ಜನ ಸೇರಿ ಹೊರುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಪ್ಯಾನೆಲ್ ನಿಲ್ಲಿಸಿ ನಡುವೆ ಅಡ್ಡತೊಲೆ ಹಾಕಿದರೆ ಹತ್ತು ಅಡಿಯ ಒಂದು ಅಂಕಣ ಆಯಿತು. ಮನೆಗೆ ಅಂಕಣ ಸೇರಿಸಿದ ಹಾಗೆ ಹಿಂದಿನಿಂದ ಸೇರಿಸುತ್ತಾ ಹೋಗುವುದು.

ಆಚೆ ದಡದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲದೆ ಸೇತುವೆ ದಾಟುವುದು ಹೇಗೆ? ಎತ್ತಿನ ಗಾಡಿ ಹೇರಿದವರಿಗೆ ಇದು ಬೇಗ ತಿಳಿಯುತ್ತದೆ. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಅಲ್ವಾ? ಇಲ್ಲೂ ಅದೇ ಲೆಕ್ಕ. 80 ಅಡಿ ಹಳ್ಳ ಅಂತಿಟ್ಟುಕೊಳ್ಳಿ. ಸೇತುವೆಗೆ ಎಂಟು ಅಂಕಣ ಬೇಕು. ಅದರ ಮುಂದೆ ಹಲಗೆ ಹಾಸದ, ಬರೀ ಎಲುಬಿನಂಥ ಐದು ಅಂಕಣ ಜೋಡಿಸುತ್ತೇವೆ. ಇದಕ್ಕೆ ಮೂಗು ಅಂತ ಹೆಸರು. ಎಲ್ಲವನ್ನೂ ರೋಲರ್ ಮೇಲೆ ಕೂರಿಸಿ ಮುಂದಕ್ಕೆ ತಳ್ಳುತ್ತೇವೆ. ಮೂಗಿನ ತುದಿ ಆಚೆ ದಡ ಮುಟ್ಟುವ ಹೊತ್ತಿಗೆ ಹಳ್ಳದ ಮೇಲೆ 50 ಅಡಿ ಮೂಗು ಮತ್ತು 30 ಅಡಿ ಸೇತುವೆ ತೇಲುತ್ತಿರುತ್ತವೆ. ಉಳಿದ 50 ಅಡಿ ಸೇತುವೆ ಈಚೆ ದಡದಲ್ಲಿ ಕೂತು ಅದನ್ನು ಹಿಡಿದಿರುತ್ತದೆ. ಹಲಗೆಗಳನ್ನು ಆಗ ಹಿಂದಿನ ಅಂಕಣಗಳಿಗೆ ಮಾತ್ರ ಹಾಸಿರುತ್ತೇವೆ. ಅವಸರಕ್ಕೆ ಮುಂದೆಯೂ ಹಾಸಿದರೆ ತೂಕ ಆ ಕಡೆ ವಾಲಿ ಇಡೀ ಸೇತುವೆ ಮೂಗು ಕೆಳಗಾಗಿ ನೀರಿಗೆ ಬೀಳುತ್ತದೆ.

ಅಷ್ಟು ಉದ್ದಕ್ಕೆ ಚಾಚಿದ ಮೂಗು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ನೆಟ್ಟಗೆ ತಳ್ಳಿದರೆ ತುದಿ ಆಚೆಯ ರೋಲರ್ ಮೇಲೆ ಹತ್ತುವುದಿಲ್ಲ, ದಡದ ಮಣ್ಣಿಗೆ ಗುದ್ದುತ್ತದೆ. ಅದಕ್ಕೆ ಮೂಗಿನ ಕೆಳಗಿನ ಸಾಲಿನ ಒಂದು ಕೀಲಿನಲ್ಲಿ ಸಣ್ಣ ಉಕ್ಕಿನ ಕೊಂಡಿ ಸೇರಿಸುತ್ತೇವೆ. ಕೆಳಗೆ ಅಷ್ಟು ಉದ್ದ ಹೆಚ್ಚಾಗಿ, ಮೂಗು ಮೇಲಕ್ಕೆ ತಲೆ ಎತ್ತುತ್ತದೆ. ಸೇತುವೆ ದಾಟಿದ ಮೇಲೆ ಮೂಗನ್ನು ಆಚೆ ದಡದಲ್ಲಿ ಬಿಚ್ಚಿ, ಜಾಕ್ ಕೊಟ್ಟು ಸೇತುವೆಯನ್ನು ಪೀಠದ ಮೇಲೆ ಇಳಿಸುತ್ತೇವೆ.

ಪ್ಯಾನೆಲ್‌ಗಳನ್ನು ಹಿಡಿದಿಡುವುದು ದಪ್ಪ ಪಿನ್. ಅದರ ತುದಿಯ ತೂತಿಗೆ ಒಂದು ಸಣ್ಣ ಪಿನ್ ಚುಚ್ಚಬೇಕು, ದೊಡ್ಡದು ಜಾರಿ ಬರದ ಹಾಗೆ. ದೊಡ್ಡ ಪಿನ್ನಿನ ತಲೆಯ ಮೇಲೆ ಒಂದು ಗೀರು ಇರುತ್ತದೆ. ಆ ಗೀರು ಅಡ್ಡವಾಗಿದ್ದರೆ ಆಚೆ ತುದಿಯ ತೂತೂ ಅಡ್ಡವಾಗಿದೆ ಅಂತ ಅರ್ಥ, ಸಣ್ಣ ಪಿನ್ ಸಲೀಸಾಗಿ ಹೋಗುತ್ತದೆ. ಕತ್ತಲಲ್ಲಿ ಬೆರಳಾಡಿಸಿಯೇ ತಿಳಿಯಬಹುದು. ಹಲಸೂರಿನ ತರಬೇತಿಯಲ್ಲಿ ಒಂದು ರಾತ್ರಿ ನಾನು ಗೀರು ನೋಡದೆ ಪಿನ್ ಬಡಿದುಬಿಟ್ಟೆ. ಸಣ್ಣ ಪಿನ್ ಹೋಗಲೇ ಇಲ್ಲ. ಉಸ್ತಾದರು ಬೈಯಲಿಲ್ಲ. ನನ್ನ ತೋರುಬೆರಳನ್ನು ಹಿಡಿದು ಆ ಗೀರಿನ ಮೇಲೆ ಎರಡು ಸಲ ಎಳೆದರು, ಅಷ್ಟೇ. ಅದರ ತಣ್ಣನೆಯ ಅಂಚು ಈಗಲೂ ಬೆರಳಿಗೆ ನೆನಪಿದೆ.

ಈಗ ಭಾರದ ಮಾತು. ಆ ಪತ್ರದ ರೈತರು ಇದನ್ನು ದಯವಿಟ್ಟು ಗಮನಿಸಬೇಕು. ಪ್ಯಾನೆಲ್ ಅದೇ ಇದ್ದರೂ ಉದ್ದ ಹೆಚ್ಚಿದಂತೆ ಸೇತುವೆ ಹೊರುವ ಭಾರ ಇಳಿಯುತ್ತದೆ. ಎಡಬಲಕ್ಕೆ ಒಂದೊಂದೇ ಸಾಲು ಪ್ಯಾನೆಲ್ ಇರುವ ಸೇತುವೆ 30 ಅಡಿಯಲ್ಲಿ ಹೊರುವುದರ ಸುಮಾರು ಅರ್ಧದಷ್ಟನ್ನು ಮಾತ್ರ 80 ಅಡಿಯಲ್ಲಿ ಹೊರುತ್ತದೆ. ಹೆಚ್ಚು ಬೇಕಾದರೆ ಪಕ್ಕಕ್ಕೆ ಇನ್ನೊಂದು ಸಾಲು ಸೇರಿಸಬೇಕು, ಇಲ್ಲವೇ ಮೇಲೊಂದು ಅಂತಸ್ತು ಏರಿಸಬೇಕು. ಆಗ ಸಾಮಾನು, ಆಳು, ಹೊತ್ತು ಎಲ್ಲ ಜಾಸ್ತಿ. ಚೂರಲ್‌ಮಲದಂಥ 24 ಟನ್ ಸೇತುವೆ ಹಾಕಿದರೂ ನಮ್ಮ ಕಡೆ ಜಲ್ಲಿ ಹೊಡೆಯುವ ಹತ್ತು ಚಕ್ರದ ಟಿಪ್ಪರ್ ಅದರ ಮೇಲೆ ಹೋಗುವ ಹಾಗಿಲ್ಲ. ಕಾನೂನಿನ ಮಿತಿಯೊಳಗೆ ತುಂಬಿದರೂ ಅದು 28 ಟನ್ ಇರುತ್ತದೆ. ಕಾನೂನು ಮೀರಿ ತುಂಬುವವರ ಲೆಕ್ಕ ನಮಗೆಲ್ಲ ಗೊತ್ತೇ ಇದೆ. ಉತ್ತರಾಖಂಡದ ಮುನ್ಸಿಯಾರಿಯಲ್ಲಿ 2020ರ ಜೂನ್‌ನಲ್ಲಿ, ಮಣ್ಣು ಅಗೆಯುವ ಭಾರಿ ಯಂತ್ರ ಹೇರಿಕೊಂಡ ಲಾರಿಯೊಂದು ಬೈಲಿ ಸೇತುವೆಯ ಮೇಲೆ ಹೋಯಿತು. ಲಾರಿ, ಯಂತ್ರ, ಸೇತುವೆ ಮೂರೂ ಹಳ್ಳಕ್ಕೆ ಬಿದ್ದವು. ಗಡಿಗೆ ಹೋಗುವ ದಾರಿಯೇ ನಿಂತುಹೋಗಿ, ಬಾರ್ಡರ್ ರೋಡ್ಸ್‌ನವರು ಒಂದು ವಾರದೊಳಗೆ ಮತ್ತೆ ಕಟ್ಟಬೇಕಾಯಿತು.

ಹಾಗಾಗಿ ಜಿಲ್ಲಾಡಳಿತ ಸೈನ್ಯವನ್ನು ಕೇಳಿ ತರಿಸುವುದಾದರೆ, ಎರಡೂ ತುದಿಯಲ್ಲಿ ಟನ್ ಬರೆದ ಬೋರ್ಡ್ ಹಾಕಲಿ. ಬೋರ್ಡ್ ಸಾಲದು, ಹಗಲೂ ರಾತ್ರಿ ಕಾವಲಿರಲಿ. ಒಂದು ಸಲಕ್ಕೆ ಒಂದೇ ಗಾಡಿ, ನಿಧಾನಕ್ಕೆ, ನಡುವೆ ಬ್ರೇಕ್ ಹಾಕದೆ ದಾಟಲಿ. ಮೊದಲ ದಿನ ಗಾಡಿಗಳು ಓಡಾಡಿದ ಮೇಲೆ ಬೋಲ್ಟುಗಳು ಸಡಿಲವಾಗುತ್ತವೆ. ಅವನ್ನು ಮತ್ತೆ ಬಿಗಿ ಮಾಡಿ, ಸಣ್ಣ ಪಿನ್‌ಗಳು ಇವೆಯೋ ಇಲ್ಲವೋ ಅಂತ ಒಂದೊಂದನ್ನೂ ಮುಟ್ಟಿ ನೋಡುವ ಜನ ಬೇಕು.

ಇನ್ನೊಂದು ಮಾತು ಮಣ್ಣಿನದು. ಚಿತ್ರದುರ್ಗದ ಕಡೆ ಬಂಡೆ ಸಿಗುವ ಜಾಗದಲ್ಲಿ ಚಿಂತೆ ಕಡಿಮೆ. ದಾವಣಗೆರೆ, ಹರಿಹರದ ಎರೆಭೂಮಿ ಹಾಗಲ್ಲ. ಸೇತುವೆಯ ಇಡೀ ಭಾರ ನಾಲ್ಕು ಮೂಲೆಯ ಪೀಠಗಳ ಮೇಲೆ ಬೀಳುತ್ತದೆ. ನೆನೆದ ಎರೆಮಣ್ಣಿನಲ್ಲಿ ಒಂದು ಮೂಲೆ ನಾಲ್ಕು ಬೆರಳು ಇಳಿದರೂ ಸೇತುವೆ ತಿರುಚಿಕೊಳ್ಳುತ್ತದೆ. ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಭಾರವನ್ನು ಅಗಲಕ್ಕೆ ಹಂಚಬೇಕು. ಎಷ್ಟು ಅಗಲ ಅನ್ನುವುದು ಗುಂಡಿ ತೋಡಿ ನೋಡಿದ ಮೇಲೇ ಗೊತ್ತಾಗುವುದು. ಅರ್ಜಿ ಬರೆಯುವ ಮೊದಲು ಆ ರೈತರು ಎರಡೂ ದಡದಲ್ಲಿ ಆಳೆತ್ತರದ ಗುಂಡಿ ತೋಡಿಸಿ ಇಡಲಿ. ಪತ್ರಿಕೆಯ ಮೂಲಕ ದಿನ ತಿಳಿಸಿದರೆ ನಾನೇ ಬಂದು ನೋಡುತ್ತೇನೆ.

ಇಂತಿ,
ಒಬ್ಬ ನಿವೃತ್ತ ಸ್ಯಾಪರ್
ದಾವಣಗೆರೆ