ಸಾರಿನ ಪುಡಿ: ಅಳತೆ ಬಗ್ಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಮಾಡುವ ಸಾರಿನ ಪುಡಿಯ ಪಾಲು ಹೀಗಿದೆ: ಕೊತ್ತಂಬರಿ ಬೀಜ 4, ಬ್ಯಾಡಗಿ ಮೆಣಸಿನಕಾಯಿ 2, ಜೀರಿಗೆ 1, ಕಾಳುಮೆಣಸು ಅರ್ಧ, ಮೆಂತ್ಯ ಮತ್ತು ಸಾಸಿವೆ ತಲಾ ಕಾಲು. ಒಟ್ಟು 8 ಪಾಲು. 250 ಮಿಲೀ ಲೋಟದಲ್ಲಿ ಅಳೆದರೆ ಹುರಿಯುವ ಮುಂಚೆ 2 ಲೀಟರ್ ಆಗುತ್ತದೆ. ಪುಡಿಯಾದ ಮೇಲೆ ಕಡಿಮೆಯಾಗುತ್ತದೆ, ಹಾಗಾಗಿ 2 ಲೀಟರ್ ಡಬ್ಬಿ ಸಾಕು.

ಕೊನೆವರೆಗೂ ಅದೇ ಲೋಟ ಬಳಸಿ. ಮೋಸ ಆಗುವುದು ಮೆಣಸಿನಕಾಯಲ್ಲಿ. ಇಡಿಯಾಗಿ ತುಂಬಿದರೆ ಲೋಟದಲ್ಲಿ ಬರೀ ಗಾಳಿಯೇ ಜಾಸ್ತಿ, ಪುಡಿ ಬಣ್ಣವಿಲ್ಲದೆ ಸಪ್ಪೆಯಾಗುತ್ತದೆ. ತೊಟ್ಟು ತೆಗೆದು, ಮುರಿದು, ಅದುಮಿ ಅಳೆಯಿರಿ.

ಮೆಂತ್ಯದ ಕಾಲು ಪಾಲನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ದಯವಿಟ್ಟು. 15 ಮಿಲೀ ಚಮಚದಲ್ಲಿ 4 ಚಮಚ, ತಲೆ ಸವರಿ. ಜಾಸ್ತಿಯಾದರೆ ಇಡೀ ಡಬ್ಬಿ ಕಹಿ. ಪುಡಿ ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ.